ಲಂಗೋಟಿಗಳು ನೀರು ಕುಡಿಯುವುದನ್ನು ಮರೆತ ವಾರ

ನನ್ನ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟು ಹತ್ತು ದಿನವಾಗಿತ್ತು. ಊಟಕ್ಕೆ ಕೂತರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಿತ್ತು. ತಲೆ ಬಾಚಿಕೊಳ್ಳಲು ಕೂತರೆ ಬಾಚಣಿಗೆಯನ್ನು ಕೂದಲಲ್ಲೇ ನೇತುಹಾಕಿ ಓಡುತ್ತಿತ್ತು. ಅದು ಹೋಗುತ್ತಿದ್ದದ್ದು ಒಂದೇ ಜಾಗಕ್ಕೆ, ಇಪ್ಪತ್ತಾರು ದಿನದ ನನ್ನ ಮಗಳ ಬೆನ್ನಿನ ಕೆಳಗೆ. ಒದ್ದೆಯೋ, ಒಣಗಿದೆಯೋ? ಒದ್ದೆ. ಈಗ ತಾನೇ ಬದಲಿಸಿದ್ದೆನಲ್ಲ? ಆದರೂ ಒದ್ದೆ. ಲಂಗೋಟಿ ಒದ್ದೆಯಾದರೆ ಅದು ಅದರ ಕೆಲಸ ಅನ್ನಬಹುದು. ಅಂಗಿ ಒದ್ದೆ, ಹಾಸಿದ ದುಪ್ಪಟಿ ಒದ್ದೆ, ಎತ್ತಿಕೊಂಡವರ ಮಡಿಲು ಒದ್ದೆ. ವಿಚಿತ್ರವೆಂದರೆ ಲಂಗೋಟಿಯ ಮೇಲ್ಭಾಗ ಮಾತ್ರ ಏನೂ ಅರಿಯದ ಹಾಗೆ ಅರ್ಧ ಒಣಗಿಯೇ ಇರುತ್ತಿತ್ತು.

ಮಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅವಳಪ್ಪ 'ಮ್ಯಾನೇಜರ್' ಅನ್ನುತ್ತಿದ್ದರು. ಅವಳು ಒಂದು ಕೂಗು ಹಾಕಿದರೆ ಮನೆಯ ಮೂವರೂ ನಿಂತಲ್ಲೇ ನೆಟ್ಟಗಾಗುತ್ತಿದ್ದೆವು, ಅದಕ್ಕೆ. ಅವರು ಕೆಲಸ ಮಾಡುವುದು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ. ದಿನಕ್ಕೆ ನೂರಾರು ಚಾದರ, ಟವೆಲು ಅವರ ಕೈ ಮೇಲೆ ಹಾದುಹೋಗುತ್ತವೆ. ಚಾದರಕ್ಕೆ ಸಣ್ಣ ತೂತು ಬಿದ್ದರೂ ಹೋಟೆಲಿನವರು ಅದನ್ನು 'ಕಂಡೆಮ್' ಅಂತ ಬರೆದು ಪಕ್ಕಕ್ಕೆ ಎಸೆಯುತ್ತಾರೆ. ನಾನು ಬಸುರಿಯಾಗಿದ್ದಾಗ ಅವರು ಮೇಲಿನವರನ್ನು ಕೇಳಿ ಅಂಥ ಎಂಟು ಹತ್ತಿ ಚಾದರ, ನಾಲ್ಕು ಟವೆಲು ತಂದಿದ್ದರು. ತೂತು ತಪ್ಪಿಸಿ ಕತ್ತರಿಸಿ, ನಡುವೆ ಟವೆಲಿನ ಪಟ್ಟಿ ಇಟ್ಟು, ಮೂವತ್ತಾರು ಲಂಗೋಟಿ ಹೊಲಿದೆ. ಮೇಲೆ ಹಾಕಲು ನೀರು ಸೋರದ ಐದು ಚಡ್ಡಿ ಮಾತ್ರ ಅಂಗಡಿಯಿಂದ ತಂದೆವು. ಮೂವತ್ತೇಳನೆಯ ಲಂಗೋಟಿ ನನ್ನ ಅಜ್ಜಿಯ ಹಳೆಯ ಹೊದಿಕೆಯದು. ಅದನ್ನು ಉಪಯೋಗಿಸಲು ಮನಸ್ಸಾಗದೆ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ.

ನಮ್ಮ ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಬ್ಬರು ಅಡ್ಡ ನಿಲ್ಲುವಷ್ಟು ಬಾಲ್ಕನಿ. ಆ ಬಾಲ್ಕನಿಯ ಮೂರು ಸಾಲು ತಂತಿಯ ಮೇಲೆ ಲಂಗೋಟಿಗಳು ಹಾರಾಡುವುದನ್ನು ನೋಡಿದರೆ ನನಗೆ ಅಜ್ಜಿ ಹೇಳುತ್ತಿದ್ದ ಚಂದ್ರನ ತಾಯಿಯ ಕಥೆ ನೆನಪಾಗುತ್ತಿತ್ತು. ಚಂದ್ರ ಕೂಸಾಗಿದ್ದಾಗ ಮಹಾ ಉಚ್ಚೆಬುರುಕನಂತೆ. ಅವನ ಕೆಳಗೆ ಹಾಸಲು ತಾಯಿ ಮೋಡಗಳನ್ನು ಒಗೆದು, ಹಿಂಡಿ, ಒಣಹಾಕಿ, ಮತ್ತೆ ಹಾಸುತ್ತಿದ್ದಳಂತೆ. ಮೋಡ ಎಷ್ಟಾದರೂ ಕುಡಿಯುತ್ತಿತ್ತಂತೆ. ಕಥೆ ಅಲ್ಲಿಗೆ ಮುಗಿಯುತ್ತಿರಲಿಲ್ಲ, ಆದರೆ ನಾನು ಸಾಮಾನ್ಯವಾಗಿ ಅಷ್ಟಕ್ಕೇ ನಿದ್ದೆ ಹೋಗುತ್ತಿದ್ದೆ.

"ಏನೇ, ಬಾಯಿ ಬಿಟ್ಕೊಂಡು ಆಕಾಶ ನೋಡ್ತಿದ್ದೀಯ? ಇಲ್ಲಿ ನಿನ್ನ ಮಗಳು ಈಜ್ತಿದ್ದಾಳೆ!"

ಅದು ಅತ್ತೆ. ಶಾಲೆಯ ಹಾಸ್ಟೆಲೊಂದರಲ್ಲಿ ಇನ್ನೂರು ಮಕ್ಕಳಿಗೆ ಅಡುಗೆ ಮಾಡುವ ಹೆಂಗಸು. ಒಂದು ತಿಂಗಳ ರಜೆ ಹಾಕಿ ಬಾಣಂತನಕ್ಕೆ ಬಂದಿದ್ದರು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ವಾಪಸು. ಮೊದಲ ಎರಡು ವಾರ ಲಂಗೋಟಿ ಒಗೆದವರು ಅವರೇ. ತಣ್ಣೀರಲ್ಲಿ ಜಾಲಾಡಿಸಿ, ಬಿಸಿನೀರಲ್ಲಿ ಸೋಪು ಹಾಕಿ, ಮೂರು ನೀರಲ್ಲಿ ತೆಗೆದು, ಬಿಸಿಲಿಗೆ ಹಾಕುತ್ತಿದ್ದರು. ಹದಿನಾಲ್ಕನೇ ದಿನ ಅವರ ಬೆರಳ ಸಂದಿಗಳು ಬಿರಿದು ರಕ್ತ ಬಂದಾಗ ಮಗ ಬಕೆಟ್ಟು ಕಿತ್ತುಕೊಂಡಿದ್ದರು. "ಅಮ್ಮ, ಬಟ್ಟೆ ನನ್ನ ಇಲಾಖೆ. ನೀನು ಮ್ಯಾನೇಜರನ್ನ ನೋಡ್ಕೋ ಸಾಕು." ಅಂದಿನಿಂದ ಸಂಜೆ ನಾಲ್ಕಕ್ಕೆ ಬಂದವರು ಚಹಾ ಕುಡಿದು ನೇರ ಬಚ್ಚಲಿಗೆ. ಒಗೆದ ಲಂಗೋಟಿಗಳು ಹೋಟೆಲಿನ ಟವೆಲುಗಳ ಹಾಗೆ ಮೂಲೆಗೆ ಮೂಲೆ ಕೂಡಿ ಮಡಿಚಿಕೊಂಡು, ಹೂವಿನ ವಾಸನೆ ಬೀರುತ್ತಾ, ಮುಟ್ಟಿದರೆ ಮೊಲದ ಕಿವಿಯಷ್ಟು ಮೆತ್ತಗೆ ಕಪಾಟು ಸೇರುತ್ತಿದ್ದವು. ಅವುಗಳನ್ನು ಕೆನ್ನೆಗೆ ಒತ್ತಿಕೊಂಡು, ನನ್ನ ಗಂಡನಂಥ ಗಂಡ ಯಾರಿಗಿದ್ದಾನೆ ಅಂದುಕೊಳ್ಳುತ್ತಿದ್ದೆ.

ಆ ಸೋಮವಾರ ಬೆಳಿಗ್ಗೆ ಅತ್ತೆ ಮಗುವಿನ ಚಡ್ಡಿ ಬಿಚ್ಚಿದವರು ಸುಮ್ಮನಾದರು. ಅತ್ತೆ ಸುಮ್ಮನಾದರೆ ನಮ್ಮ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತದೆ.

"ಬಾ ಇಲ್ಲಿ," ಅಂದರು.

ಎರಡು ದಿನದಿಂದ ತೆಳುವಾಗಿ ಇದ್ದ ಕೆಂಪು ಈಗ ಎರಡೂ ಕುಂಡೆಯ ಮೇಲೆ ಅಂಗೈ ಅಗಲ ಹರಡಿತ್ತು. ಚರ್ಮ ಹೊಳೆಯುತ್ತಿತ್ತು. ನಾನು ಹತ್ತಿ ಅದ್ದಿ ಒರೆಸಿದೆ. ಮ್ಯಾನೇಜರ್ ಕಾಲು ಮಡಚಿ ಚೀರಿದಳು. 

"ಸಾಕು ಮಾಡು ನಿನ್ನ ಬಟ್ಟೆ ಪುರಾಣ," ಅಂದರು ಅತ್ತೆ. "ಮೂರು ಮಕ್ಕಳ ಲಂಗೋಟಿ ಒಗ್ದಿರೋ ಕೈ ಇದು. ಆಗ ಬೇರೆ ದಾರಿ ಇರ್ಲಿಲ್ಲ, ಒಗ್ದೆ. ಈಗ ಅಂಗಡಿ ತುಂಬಾ ಡೈಪರ್ ಜೋಡಿಸಿಟ್ಟಿದ್ದಾರೆ. ಹಾಕು, ತೆಗಿ, ಸುತ್ತಿ ಬಿಸಾಕು. ಯಾರಿಗೋಸ್ಕರ ಈ ತಪಸ್ಸು?"

"ಅತ್ತೆ, ದಿನಕ್ಕೆ ಹನ್ನೆರಡು ಸಲ ಬದಲಿಸ್ಬೇಕು ಇವಳಿಗೆ. ಅರವತ್ತರ ಪ್ಯಾಕೆಟ್ಟು ಐದು ದಿನಕ್ಕೆ ಖಾಲಿ. ಒಂದು ಪ್ಯಾಕೆಟ್ಟಂದ್ರೆ ಇವ್ರ ಒಂದು ದಿನದ ಕೂಲಿ."

"ಹೌದಾ? ನಿನ್ನ ಸೋಪು, ನಿನ್ನ ಬಿಸಿನೀರಿನ ಗ್ಯಾಸು, ಆ ಐದು ಚಡ್ಡಿ, ಅವೆಲ್ಲ ಆಕಾಶದಿಂದ ಉದುರಿದ್ವಾ? ನನ್ನ ಕೈಗೆ ಹಚ್ಚಿದ ಮುಲಾಮು?"

ಅವರು ಹೇಳಿದ್ದು ಸುಳ್ಳಲ್ಲ. ಎಲ್ಲ ಕೂಡಿದರೂ ಬಟ್ಟೆಯೇ ಅಗ್ಗ, ಅದನ್ನೂ ನಾನು ಬಲ್ಲೆ. ಆದರೆ ಹೀಗೆ ಸೋರಿ ಸೋರಿ ದಿನಕ್ಕೆ ಹನ್ನೆರಡರ ಜಾಗದಲ್ಲಿ ಇಪ್ಪತ್ತು ಲಂಗೋಟಿ, ಜೊತೆಗೆ ನಾಲ್ಕು ದುಪ್ಪಟಿ, ಆರು ಅಂಗಿ ಒಗೆಯುವುದಾದರೆ, ಅಗ್ಗ ಅನ್ನುವ ಮಾತಿಗೂ ಬೆವರಿಳಿಯುತ್ತದೆ.

ಅತ್ತೆ ಚಪ್ಪಲಿ ಮೆಟ್ಟಿ ಕೆಳಗಿಳಿದರು. ಅರ್ಧ ಗಂಟೆಯಲ್ಲಿ ಡೈಪರ್ ಪ್ಯಾಕೆಟ್ಟನ್ನು ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದು ಬಂದರು. ಅದರ ಮೇಲೆ ಬರೆದಿದ್ದ ತೂಕ ಓದಿದೆ. ನಮ್ಮ ಮಗಳಿಗಿಂತ ಎರಡು ಅಳತೆ ದೊಡ್ಡದು.

"ಅತ್ತೆ, ಇದು ಆರು ತಿಂಗಳ ಮಗೂಂದು."

"ಇದೇ ಸೋವಿ ಇತ್ತು. ಹೇಗೂ ಬೆಳೀತಾಳಲ್ಲ! ಎಳೆದು ಅಂಟಿಸಿದ್ರಾಯ್ತು."

ಎಳೆದು ಅಂಟಿಸಿದೆವು. ಡೈಪರು ಎದೆಯವರೆಗೆ ಬಂತು. ಹೊಕ್ಕುಳದ ಹತ್ತಿರ ಕೆಳಕ್ಕೆ ಮಡಚಿದೆ. ತೊಡೆಯ ಸುತ್ತ ನನ್ನ ಎರಡು ಬೆರಳು ಹೋಗುವಷ್ಟು ಸಂದು. ಆದರೂ ಒಂದು ಗಂಟೆ ಕಳೆಯಿತು, ಎರಡು ಕಳೆಯಿತು, ಹೊರಗಡೆ ಒಣ ಒಣ. ನನ್ನ ಕೈ ಹೋಗಿ ಮುಟ್ಟಿ ಬರುತ್ತಿತ್ತು, ನಂಬುತ್ತಿರಲಿಲ್ಲ, ಮತ್ತೆ ಹೋಗುತ್ತಿತ್ತು. ಅತ್ತೆ ನಗುತ್ತಾ ಬಟಾಣಿ ಬಿಡಿಸುತ್ತಿದ್ದರು. ಮಗು ನಿದ್ದೆ ಹೋದಳು, ನಾನೂ ಗೋಡೆಗೊರಗಿದೆ. ಹತ್ತು ದಿನದ ನಿದ್ದೆ ಒಟ್ಟಿಗೇ ಬಂದು ನನ್ನನ್ನು ಎತ್ತಿಕೊಂಡು ಹೋಯಿತು. ಅತ್ತೆಯೂ ಎಬ್ಬಿಸಲಿಲ್ಲ. "ಒಣಗೇ ಇದೆ, ಮಲಗ್ಲಿ ಬಿಡು ಇಬ್ರೂ ಅಂದ್ಕೊಂಡೆ," ಅಂದರು ಆಮೇಲೆ.

ಎಚ್ಚರವಾಗಿದ್ದು ಮೂಗಿಗೆ. ಬೆನ್ನ ಕಡೆಯಿಂದ ಸಾಸಿವೆ ಬಣ್ಣದ ಹೊಳೆಯೊಂದು ಹೊರಟು ಕುತ್ತಿಗೆಯವರೆಗೆ ತಲುಪಿತ್ತು. ಐದು ಗಂಟೆ ಅದೇ ಡೈಪರು. ಬಿಚ್ಚಿದರೆ, ಒಳಗೆ ಅದು ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಭಾರವಾಗಿತ್ತು, ಮತ್ತು ಕೆಂಪು ಬೆಳಗಿನದಕ್ಕಿಂತ ಗಾಢವಾಗಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ನೋಡಿದರು. ಆ ದಿನ ನಾವಿಬ್ಬರೂ ಗೆಲ್ಲಲಿಲ್ಲ.

*

ಬುಧವಾರ ಆರೋಗ್ಯ ಕೇಂದ್ರ. ಉದ್ದನೆಯ ಬೆಂಚು, ಗೋಡೆಗೆ ಹಚ್ಚಿದ ಹಸಿರು ಬಣ್ಣ, ತೂಕದ ತಟ್ಟೆಯ ಮೇಲೆ ಹಾಸಿದ ಕಾಗದ. ನರ್ಸಮ್ಮನ ಕಣ್ಣು ಚುರುಕು, ಮಾತು ಅದಕ್ಕಿಂತ ಚುರುಕು. ಮಗುವಿನ ಕಾಲೆತ್ತಿ ತೊಡೆಯ ಸಂದಿಗಳನ್ನು ಬಿಡಿಸಿ ಬಿಡಿಸಿ ನೋಡಿದರು.

"ಸಂದಿ ಎಲ್ಲ ಚೆನ್ನಾಗಿದೆ. ಒದ್ದೆ ತಾಗೋ ಕಡೆ ಮಾತ್ರ ಕೆಂಪಾಗಿದೆ. ಇದು ಒದ್ದೆ ಕೂತು ಆಗಿರೋದು. ಸಂದಿ ಒಳಗೂ ಕಡುಕೆಂಪಾಗಿ, ಸುತ್ತ ಚುಕ್ಕಿ ಚುಕ್ಕಿ ಎದ್ರೆ ಅದು ಬೇರೆ, ಆಗ ತಡ ಮಾಡ್ದೆ ಬನ್ನಿ, ಅದಕ್ಕೆ ಡಾಕ್ಟ್ರು ಬೇರೆ ಮುಲಾಮು ಕೊಡ್ಬೇಕು. ಏನು ಕಟ್ತೀರ ಇವಳಿಗೆ?"

"ಬಟ್ಟೆ," ಅಂದೆ ನಾನು.

"ಡೈಪರ್ರು," ಅಂದರು ಅತ್ತೆ.

ನರ್ಸಮ್ಮ ನಮ್ಮಿಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು. "ಓಹೋ. ಮನೇಲಿ ಎರಡು ಪಕ್ಷ! ನೋಡಿ ಅಮ್ಮಾ, ಚರ್ಮಕ್ಕೆ ಪಕ್ಷ ಗೊತ್ತಿಲ್ಲ. ಡೈಪರ್ ಒದ್ದೇನ ಒಳಗೆ ಹಿಡ್ಕೊಳ್ಳುತ್ತೆ, ಚರ್ಮಕ್ಕೆ ಕಮ್ಮಿ ತಾಗುತ್ತೆ. ಹಾಗಂತ ಅರ್ಧ ದಿನ ಬಿಟ್ರೆ ಸುಡ್ದೆ ಇರುತ್ತಾ? ಎರಡು ಮೂರು ಗಂಟೆಗೆ ಬದಲಿಸಿ, ಕಕ್ಕ ಮಾಡಿದ್ರೆ ಆ ಕ್ಷಣ. ಬಟ್ಟೆ ಒದ್ದೆ ಆದ್ರೆ ತಕ್ಷಣ ಗೊತ್ತಾಗುತ್ತೆ, ತಕ್ಷಣ ತೆಗೀಬೇಕು. ತೆಗೀತೀರಾ, ಬಟ್ಟೆ ಒಳ್ಳೇದೇ. ಬರೀ ನೀರು, ಹತ್ತಿ. ಉಜ್ಜಬೇಡಿ, ಒತ್ತಿ ಒರೆಸಿ. ದಿನಕ್ಕೆ ಮೂರ್ನಾಲ್ಕು ಸಲ ಏನೂ ಕಟ್ದೆ ಗಾಳಿಗೆ ಮಲಗ್ಸಿ. ಈ ಜಿಂಕ್ ಮುಲಾಮು ಹಚ್ಚಿ. ಬಟ್ಟೆ ಕಟ್ಟೋದಾದ್ರೆ ನಡುವೆ ಒಂದು ತೆಳು ಹಳೇ ತುಂಡು ಹಾಕಿ. ಇಲ್ದಿದ್ರೆ ಮುಲಾಮು ಬಟ್ಟೆಗೆ ಹತ್ತಿ, ಆಮೇಲೆ ಬಟ್ಟೆ ನೀರು ಹೀರಲ್ಲ. ಒಗೆಯೋದು ಹೇಗೆ?"

"ಬಿಸಿನೀರು, ಸೋಪು," ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಇಲಾಖೆ ನನ್ನದಲ್ಲವಲ್ಲ.

"ಶನಿವಾರ ಮತ್ತೆ ತೋರಿಸಿ."

ಮನೆಗೆ ಬರುವ ದಾರಿಯಲ್ಲಿ, ಔಷಧದ ಅಂಗಡಿಯ ಮುಂದೆ, ಅತ್ತೆ ನಿಂತರು. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ತಿರುಗಿಸಿ ಅನ್ನುತ್ತಿದ್ದೆ. ಮೆಲ್ಲಗೆ ಹೇಳಿದರು.

"ನಾನು ಭಾನುವಾರ ಹೋಗ್ಲೇಬೇಕು ಕಣೇ. ಇನ್ನೂರು ತಟ್ಟೆ ಕಾಯ್ತಿವೆ. ಇವನು ಬೆಳಿಗ್ಗೆ ಆರಕ್ಕೆ ಹೋದ್ರೆ ಸಂಜೆ ನಾಲ್ಕು. ನೀನೊಬ್ಳೇ, ಈ ಗಾಯದ ಕೂಸು. ಶನಿವಾರ ನರ್ಸಮ್ಮ ಇಳೀತಿದೆ ಅಂದ್ರೆ ಸರಿ. ಇಲ್ಲಾಂದ್ರೆ ನೀವಿಬ್ರೂ ನನ್ನ ಜೊತೆ ಬಸ್ ಹತ್ತಿ. ಹಾಸ್ಟೆಲ್ ಪಕ್ಕ ನನ್ನ ಕೋಣೆ ಇದೆ, ಮೂರು ತಿಂಗಳು ಇರಿ. ಇದ್ರಲ್ಲಿ ನಾನು ಮಾತು ಕೇಳೋಳಲ್ಲ."

ಅವರು ಹೇಳಿದ್ದು ಅಕ್ಕರೆಯಿಂದ. ಅದಕ್ಕೇ ಅದು ಇನ್ನೂ ಭಾರವಾಗಿತ್ತು. ಮೂರು ತಿಂಗಳು. ಈ ಎರಡು ಕೋಣೆ, ಈ ಬಾಲ್ಕನಿ, ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಕೇಳುವ ಆ ಹೆಜ್ಜೆ, 'ಮ್ಯಾನೇಜರ್ ಸಾಹೇಬ್ರು ಎದ್ದಿದ್ದಾರಾ?' ಅನ್ನುವ ಆ ದನಿ, ಎಲ್ಲ ಬಿಟ್ಟು ಹೋಗಬೇಕು. ಮುಂದೆ ಎಂದಾದರೂ ಯಾರಾದರೂ ಕೇಳಿದರೆ ಉತ್ತರ ಒಂದೇ: ಅವಳ ಕೈಯಲ್ಲಿ ಆಗಲಿಲ್ಲ. ತಿಂಗಳ ಕೂಸನ್ನು ಒಣಗಿಸಿ ಇಟ್ಟುಕೊಳ್ಳಲು ಅವಳ ಕೈಯಲ್ಲಿ ಆಗಲಿಲ್ಲ.

*

ಗುರುವಾರ ನಾನು ಕೂರಲೇ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ ನೋಡಿದೆ. ಕಟ್ಟಿದೆ, ಸೋರಿತು. ಎರಡು ಮಡಿಕೆ ಮಾಡಿ ಕಟ್ಟಿದೆ, ಚಡ್ಡಿಯ ತೊಡೆ ಅಂಚಿನಿಂದ ಸೋರಿತು. ಮೂರು ಲಂಗೋಟಿ ಒಟ್ಟಿಗೆ ಕಟ್ಟಿದರೆ ಮಗುವಿನ ಕಾಲುಗಳು ಕಪ್ಪೆಯ ಹಾಗೆ ಅಗಲವಾದವು, ಅದೂ ಸೋರಿತು. ಮೊದಲ ವಾರ ಇವೇ ಲಂಗೋಟಿಗಳು ಚೆನ್ನಾಗಿ ಕುಡಿಯುತ್ತಿದ್ದವಲ್ಲ? ನನ್ನ ಮಗಳ ಉಚ್ಚೆ ಹೆಚ್ಚಾಯಿತೇ? ನಾನು ಕಟ್ಟುವುದು ತಪ್ಪೇ? ಅಲ್ಲಿಂದ ಇಲ್ಲಿಗೆ, ಬಾಲ್ಕನಿಯಿಂದ ಬಚ್ಚಲಿಗೆ, ನೆಲದ ಮೇಲೆ ಹಾದಿ ಸವೆಯುವಷ್ಟು ಓಡಾಡಿದೆ.

"ಚಕ್ರ ಕಟ್ಕೊಂಡಿದ್ದೀಯೇನೇ ಕಾಲಿಗೆ? ಒಂದು ಲೋಟ ನೀರಾದ್ರೂ ಕುಡಿ," ಅಂತ ಅತ್ತೆ ಲೋಟ ಕೈಗಿಟ್ಟರು.

ಕುಡಿಯುತ್ತಾ ಕಪಾಟಿನ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಕೂಗಿದಳು. ಕೈ ತನ್ನ ಅಭ್ಯಾಸಕ್ಕೆ ಓಡಿತು, ಲೋಟ ವಾಲಿತು. ನೀರು ಮಡಿಚಿಟ್ಟ ಲಂಗೋಟಿಗಳ ಮೇಲೆ ಬಿತ್ತು.

ಬಿತ್ತು, ಹಾಗೇ ನಿಂತಿತು.

ನಾನು ಬಗ್ಗಿ ನೋಡಿದೆ. ಲಂಗೋಟಿಯ ಮೇಲೆ ನೀರು ಮುತ್ತು ಮುತ್ತಾಗಿ ಕೂತಿತ್ತು, ಕೆಸುವಿನೆಲೆಯ ಮೇಲೆ ಕೂತ ಹಾಗೆ. ಬೆರಳಿಂದ ತಳ್ಳಿದರೆ ಉರುಳುತ್ತಾ ಅಂಚಿಗೆ ಹೋಗಿ ಟಪ್ಪೆಂದು ನೆಲಕ್ಕೆ ಬಿತ್ತು. ಬಟ್ಟೆಯೊಳಗೆ ಹೋಗಲಿಲ್ಲ.

ಆಗ ಬಂತು ನೆನಪು, ಚಂದ್ರನ ತಾಯಿಯ ಕಥೆಯ ಉಳಿದರ್ಧ. ನಾನು ನಿದ್ದೆ ಹೋಗಿದ್ದೇನೆಂದು ತಿಳಿದೂ ಅಜ್ಜಿ ಪೂರ್ತಿ ಹೇಳಿಯೇ ಏಳುತ್ತಿದ್ದ ಭಾಗ. ಒಂದು ದಿನ ಚಂದ್ರನ ತಾಯಿಗೆ ಅನಿಸಿತಂತೆ, ಅಯ್ಯೋ, ನನ್ನ ಕೂಸಿಗೆ ಈ ಮೋಡ ಒರಟು. ಸರಿ, ಗಡಿಗೆ ಬೆಣ್ಣೆ ತಂದು ಎಲ್ಲ ಮೋಡಕ್ಕೂ ಸವರಿದಳಂತೆ. ಮೋಡ ಮೆತ್ತಗಾಯಿತು. ಆದರೆ ಬೆಣ್ಣೆ ಸವರಿದ ಮೋಡ ನೀರು ಕುಡಿಯುವುದನ್ನು ಮರೆತುಬಿಟ್ಟಿತು. ಚಂದ್ರ ಮಾಡಿದ್ದೆಲ್ಲ ಕೆಳಗೆ ನಮ್ಮ ತಲೆಯ ಮೇಲೆ. ಅದೇ ಮಳೆ.

ಪೆಟ್ಟಿಗೆಯ ತಳದಿಂದ ಅಜ್ಜಿಯ ಹೊದಿಕೆಯ ಲಂಗೋಟಿ ತೆಗೆದೆ. ಅದನ್ನು ಒಂದೇ ಸಲ ಒಗೆದದ್ದು, ನಾನೇ, ಹೊಲಿದ ದಿನ. ಲೋಟದ ತಳದಲ್ಲಿ ಉಳಿದಿದ್ದ ನೀರನ್ನು ಅದರ ಮೇಲೆ ಹಾಕಿದೆ. ಹಾಕುವುದೇ ತಡ, ಬಟ್ಟೆ ಗುಟುಕ್ಕೆಂದು ಕುಡಿದು ಗಾಢ ಬಣ್ಣದ ವೃತ್ತವಾಯಿತು.

ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. "ಮ್ಯಾನೇಜರ್ ಸಾಹೇಬ್ರು..."

"ರೀ, ಲಂಗೋಟಿ ಒಗೆಯುವಾಗ ಏನು ಹಾಕ್ತೀರ?"

"ಸೋಪು."

"ಆಮೇಲೆ?"

"ಮೂರು ನೀರು ತೆಗೀತೀನಿ. ಯಾಕೆ?"

"ಆಮೇಲೆ?"

ಅವರು ಬೂಟು ಬಿಚ್ಚುವುದನ್ನು ನಿಲ್ಲಿಸಿ ನಕ್ಕರು. ಗುಟ್ಟು ಬಿಟ್ಟುಕೊಡುವ ಹುಡುಗನ ನಗು. "ಕಂಡುಹಿಡಿದ್ಯಾ? ಕೊನೇ ನೀರಿಗೆ ಒಂದು ಮುಚ್ಚಳ ಸಾಫ್ಟ್‌ನರ್, ಬಟ್ಟೆ ಮೆತ್ತಗಾಗೋಕೆ ಲಾಂಡ್ರೀಲಿ ಹಾಕ್ತೀವಲ್ಲ, ಅದು. ಕ್ಯಾನಿನ ತಳದಲ್ಲಿ ಉಳಿಯೋದನ್ನ ಸೂಪರ್‌ವೈಸರೇ ತಗೊಂಡು ಹೋಗು ಅಂದ್ರು. ಎಲ್ಲಿಂದಲೋ ಬಂದು ಒಂದು ರಾತ್ರಿ ಮಲಗಿ ಹೋಗೋರಿಗೆ ಅಷ್ಟು ಮೆತ್ತಗೆ ಕೊಡ್ತೀವಿ. ನನ್ನ ಮಗಳಿಗೆ ಒರಟು ಬಟ್ಟೆ ಕಟ್ಲಾ? ಹೇಗಿದೆ ಹೇಳು, ಬೆಣ್ಣೆ ಹಾಗಿಲ್ವಾ?"

ಬೆಣ್ಣೆ. ನಾನು ಲಂಗೋಟಿಯನ್ನು ಅವರ ತೊಡೆಯ ಮೇಲೆ ಹಾಸಿ ನೀರು ಹಾಕಿದೆ. ಮುತ್ತುಗಳು ಉರುಳಿ ಅವರ ಪ್ಯಾಂಟಿನ ಮೇಲೆ ಇಳಿದವು. ಪ್ಯಾಂಟು ಕುಡಿಯಿತು, ಲಂಗೋಟಿ ಕುಡಿಯಲಿಲ್ಲ.

ಅವರ ನಗು ಒಂದೊಂದೇ ಮಡಿಕೆಯಾಗಿ ಮಡಿಚಿಕೊಂಡಿತು. ಉಳಿದ ಒಂದು ಮುತ್ತನ್ನು ತಾವೇ ಬೆರಳಿಂದ ತಳ್ಳಿ ನೋಡಿದರು.

"ಗ್ಲಾಸ್ ಒರೆಸೋ ಬಟ್ಟೆ," ಅಂದರು ಕೊನೆಗೆ, ಯಾರಿಗೋ ಅನ್ನುವ ಹಾಗೆ. "ಕಿಚನ್ನಿಂದ ಬರುತ್ತಲ್ಲ, ಆ ಗಂಟಿಗೆ ನಾವು ಸಾಫ್ಟ್‌ನರ್ ಹಾಕಲ್ಲ. ಹಾಕಿದ್ರೆ ನೀರು ಹಿಡಿಯಲ್ಲ, ಗ್ಲಾಸ್ ಮೇಲೆ ಬರೀ ಜಾರುತ್ತೆ ಅಂತ. ಹೊಸ ಹುಡುಗರಿಗೆ ಮೊದಲ ದಿನ ನಾನೇ ಹೇಳಿಕೊಡೋದು ಇದನ್ನ. ಹನ್ನೊಂದು ವರ್ಷದಿಂದ ಹೇಳ್ತಿದ್ದೀನಿ." ಹಣೆ ಹೊಡೆದುಕೊಂಡರು. "ಇದನ್ನ ಚಾದರದ ಲೆಕ್ಕಕ್ಕೆ ಹಾಕ್ಬಿಟ್ಟೆ ಕಣೇ. ಇದು ಆ ಗ್ಲಾಸ್ ಬಟ್ಟೆ ಜಾತಿ. ಇದರ ಕೆಲಸವೇ ಹೀರೋದು ಅನ್ನೋದು ತಲೆಗೇ ಬರ್ಲಿಲ್ಲ. ದಿನಾ ಒಂದು ಪದರ, ದಿನಾ ಒಂದು ಪದರ..."

ನನಗೆ ಸಿಟ್ಟು ಬರಬೇಕಾಗಿತ್ತು. ಬಂದೂ ಇತ್ತು, ಬಾಗಿಲವರೆಗೆ ಬಂದು, ಅವರ ಮುಖ ನೋಡಿ, ಒಳಗೆ ಬರಲೋ ಬೇಡವೋ ಅಂತ ನಿಂತಿತ್ತು.

ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಕೈಯಲ್ಲಿದ್ದ ಸೌಟೇ ಹೇಳುತ್ತಿತ್ತು.

"ಲೋ, ಹನ್ನೊಂದು ವರ್ಷದ ಸರ್ವೀಸಿನ ಮಹಾನುಭಾವ! ನಾನು ರಕ್ತ ಬರೋ ಹಾಗೆ ಒಗ್ದಾಗ ಸೋರದ ಲಂಗೋಟಿ, ನೀನು ಹೂವಿನ ವಾಸನೆ ಹಾಕಿ ಒಗ್ದಾಗ ಸೋರ್ತಲ್ಲೋ!" ಆಮೇಲೆ ನನ್ನ ಕಡೆ ತಿರುಗಿ, "ಮನಸ್ಸಲ್ಲೇ ತಪ್ಪನ್ನ ನಿನ್ನ ಮೇಲೆ ಹೇರಿದ್ದೆ ನಾನು. ಕಟ್ಟೋಕೆ ಬರಲ್ಲ ಅಂತ," ಅಂದರು. ಅದು ಕ್ಷಮೆಯಲ್ಲ. ಆದರೂ ಅವರ ಬಾಯಿಂದ ಬಂದದ್ದಕ್ಕೆ ಅಷ್ಟೇ ಬಹಳ.

"ಆದ್ರೆ ಶನಿವಾರ ಶನಿವಾರಾನೇ," ಅಂದು ಸೌಟಿನ ಸಮೇತ ಒಳಗೆ ಹೋದರು.

*

ಮೂವತ್ತಾರು ಲಂಗೋಟಿಗೆ ನೀರು ಕುಡಿಯುವುದನ್ನು ಮತ್ತೆ ಕಲಿಸಬೇಕು; ಕೈಯಲ್ಲಿ ಒಂದೇ ದಿನ. ಅಲ್ಲಿಯವರೆಗೆ ಮಗುವಿಗೆ ಏನು? ಈ ಸಲ ನಾನೇ ಕೆಳಗಿಳಿದು ನವಜಾತ ಮಕ್ಕಳ ಅಳತೆಯ ಚಿಕ್ಕ ಡೈಪರ್ ಪ್ಯಾಕೆಟ್ಟು ತಂದೆ. ತೊಡೆಯ ಸುತ್ತ ಸಂದಿಲ್ಲದೆ ಕೂತಿತು; ಅಂಚಿನ ಝಾಲರಿಯನ್ನು ಬೆರಳಿಂದ ಹೊರಕ್ಕೆ ಎಳೆದು ಬಿಟ್ಟೆ, ಒಳಗೆ ಮಡಿಚಿಕೊಂಡರೆ ಅಲ್ಲಿಂದಲೇ ಸೋರುತ್ತದೆ. ಒಣಗಿದೆ ಎಂದು ಕಂಡರೂ ಎರಡೂವರೆ ಗಂಟೆಗೆ ಬದಲಿಸಿದೆ. ನಡುನಡುವೆ ಹಳೆಯ ದುಪ್ಪಟಿಯ ಮೇಲೆ ಏನೂ ಕಟ್ಟದೆ ಮಲಗಿಸಿದೆ. ಮ್ಯಾನೇಜರ್ ಕಾಲುಗಳನ್ನು ಗಾಳಿಯಲ್ಲಿ ತುಳಿಯುತ್ತಾ, ಸೀಲಿಂಗ್ ಫ್ಯಾನಿಗೆ ಏನೋ ಆಜ್ಞೆ ಕೊಡುತ್ತಿದ್ದಳು.

ಶುಕ್ರವಾರ ಅವಳಪ್ಪ ರಜೆ ಹಾಕಿದರು. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ವಾಸನೆಯಿಲ್ಲದ ಸೋಪಿನ ಪುಡಿ ಚಿಟಿಕೆಯಷ್ಟೇ ಹಾಕಿ ಒಂದು ಸಲ ಒಗೆದರು. ಆಮೇಲೆ ಬರೀ ಬಿಸಿನೀರು. ಸೋಪೇ ಇಲ್ಲದ ನೀರಲ್ಲೂ ನೊರೆ ಎದ್ದಿತು. ಅತ್ತೆ ಬಾಗಿಲಿಗೊರಗಿ ನೋಡುತ್ತಿದ್ದರು. "ನೋಡೋ, ನಿನ್ನ ಪ್ರೀತಿ ಹೇಗೆ ನೊರೆ ಬಿಡ್ತಿದೆ." ಎರಡನೇ ನೀರು, ಮೂರನೇ ನೀರು. ನಾಲ್ಕನೆಯದಕ್ಕೆ ನೊರೆ ತೆಳುವಾಯಿತು. ಐದನೆಯದಕ್ಕೆ ಬರೀ ನೀರಾಗಿ ನಿಂತಿತು. ಅವರ ಅಂಗೈಗಳು ನೆನೆದು ಬಿಳುಚಿಕೊಂಡವು. ಹಿಂಡಲು ಒಬ್ಬರೇ ಸಾಲದೆ ಅತ್ತೆ ತಮ್ಮ ಬಿರುಕು ಬೆರಳಿಗೆ ಪ್ಲಾಸ್ಟಿಕ್ ಕೈಗವಸು ಏರಿಸಿ ಬಂದರು. ತಾಯಿ ಒಂದು ತುದಿ, ಮಗ ಒಂದು ತುದಿ. ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯದಷ್ಟು ಮಾತು.

ಒಣಗಿದ ಒಂದೊಂದಕ್ಕೂ ನಾನು ಹನಿ ಹಾಕಿ ಪರೀಕ್ಷೆ ಮಾಡಿದೆ. ಇಪ್ಪತ್ತೊಂಬತ್ತು ಪಾಸು. ಏಳು ಇನ್ನೂ ಹಟ ಮಾಡುತ್ತಿದ್ದವು. ಅವನ್ನು ಬೇರೆ ಇಟ್ಟೆ.

"ಒರಟಾಗಿಬಿಟ್ವು," ಅಂದರು ಅವರು, ಒಂದನ್ನು ಕೆನ್ನೆಗೆ ಹಿಡಿದು, ಯಾರೋ ಬೈದ ಹಾಗೆ ಮುಖ ಮಾಡಿ. ಬಿಸಿಲಲ್ಲಿ ಒಣಗಿದ ಲಂಗೋಟಿ ಹಪ್ಪಳದ ಹಾಗೆ ಸೆಟೆದಿತ್ತು ನಿಜ. ನಾನು ಅದನ್ನು ತೆಗೆದುಕೊಂಡು ಎರಡು ಅಂಗೈಗಳ ನಡುವೆ ಹಾಕಿ ತಿಕ್ಕಿದೆ, ಚೆನ್ನಾಗಿ, ಬಟ್ಟೆ ಬೆಚ್ಚಗಾಗುವವರೆಗೆ. ಮೆತ್ತಗಾಯಿತು. ಮೊಲದ ಕಿವಿಯಷ್ಟಲ್ಲ, ಆದರೂ ಸಾಕಷ್ಟು. ಅವರು ಇನ್ನೊಂದನ್ನು ಎತ್ತಿಕೊಂಡು ತಿಕ್ಕತೊಡಗಿದರು.

*

ಶನಿವಾರ ಅತ್ತೆ ಪೆಟ್ಟಿಗೆ ಕಟ್ಟಿ ಬಾಗಿಲ ಪಕ್ಕ ಇಟ್ಟರು. ತಮ್ಮದೊಂದೇ ಅಲ್ಲ. ನನ್ನ ಚೀಲವನ್ನೂ ತಂದು ಖಾಲಿಯಾಗಿಯೇ ಅದರ ಪಕ್ಕ ನಿಲ್ಲಿಸಿದರು. ನಂತರ ತಮ್ಮ ಒಳ್ಳೆಯ ಬಿಳಿ ಬಟ್ಟೆ ಉಟ್ಟರು, ಬೇಕೆಂದೇ.

"ಇವತ್ತು ಬಟ್ಟೇನೇ ಕಟ್ಟು. ನಾನೇ ಎತ್ಕೋತೀನಿ," ಅಂದರು. "ಡೈಪರಲ್ಲಿ ವಾಸಿ ಆಯ್ತು, ಬಟ್ಟೇಲಿ ಮತ್ತೆ ಶುರುವಾಯ್ತು ಅಂತಾಗ್ಬಾರ್ದು. ಇಲ್ಲೇ ಗೊತ್ತಾಗ್ಲಿ."

ಅಜ್ಜಿಯ ಹೊದಿಕೆಯ ಲಂಗೋಟಿಯನ್ನೇ ಕಟ್ಟಿದೆ. ಮೊದಲ ಸಲ.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದೆವು. ಅತ್ತೆಯ ಮಡಿಲಲ್ಲಿ ಮಗು, ಪಕ್ಕದಲ್ಲಿ ನಾನು. ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದೆ. ಅದು ಎಳೆಯುತ್ತಿತ್ತು. ಮಗು ಒಂದು ಸಲ ಮುಖ ಕೆಂಪು ಮಾಡಿಕೊಂಡು, ಕಣ್ಣು ದೂರಕ್ಕೆ ನೆಟ್ಟು, ನಿಶ್ಚಲಳಾದಳು. ಆ ಮುಖ ನನಗೆ ಗೊತ್ತು, ಉಚ್ಚೆಯ ಮುಖ. ಅತ್ತೆಗೂ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ನಮ್ಮ ಸರದಿ ಬಂತು. ಅತ್ತೆ ಎದ್ದು ನಿಂತರು, ಬಗ್ಗಿ ತಮ್ಮ ಮಡಿಲು ನೋಡಿಕೊಂಡರು, ಅಂಗೈಯಿಂದ ಸವರಿದರು. ಮತ್ತೊಮ್ಮೆ ಸವರಿದರು. ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು, ಒಣಗಿಯೇ ಇತ್ತು.

ಒಳಗೆ ಬಿಚ್ಚಿದಾಗ ಲಂಗೋಟಿ ನೀರು ಕುಡಿದು ಕುಡಿದು ಸುಸ್ತಾದ ಹಾಗೆ ಭಾರವಾಗಿತ್ತು. ನರ್ಸಮ್ಮ ಕಾಲೆತ್ತಿ ನೋಡಿದರು. ಸಂದಿ ನೋಡಿದರು. ದೀಪ ಹತ್ತಿರ ಎಳೆದರು. ಆ ನಿಮಿಷ ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ನಾನು ಬಸ್ಸು ಹತ್ತಿ, ಹಾಸ್ಟೆಲಿನ ಪಕ್ಕದ ಕೋಣೆ ಸೇರಿ, ಮೂರು ತಿಂಗಳು ಕಳೆದು ಬಂದೆ.

"ಪೂರ್ತಿ ಹೋಗಿಲ್ಲ," ಅಂದರು. ಬಾಗಿಲ ಪಕ್ಕದ ಖಾಲಿ ಚೀಲ ನನ್ನ ಕಣ್ಣ ಮುಂದೆ ಬಂತು. "ಆದ್ರೆ ಇಳಿದಿದೆ, ಚೆನ್ನಾಗೇ ಇಳಿದಿದೆ. ಹೀಗೇ ನಡೆಸಿ, ಇನ್ನು ನಾಲ್ಕೈದು ದಿನ. ಯಾವ ಪಕ್ಷ ಗೆದ್ದಿದ್ದು?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು: "ಹಗಲು ಬಟ್ಟೆ. ರಾತ್ರಿ, ಹೊರಗೆ ಹೋಗೋವಾಗ, ಬಿಸಿಲಿಲ್ಲದ ದಿನ, ಇವಳ ಕೈ ಸೋತಾಗ ಡೈಪರ್ರು. ಚಿಕ್ಕ ಅಳತೇದು." ಆಮೇಲೆ ಗಂಟಲು ಸರಿಮಾಡಿಕೊಂಡು, "ಮತ್ತೆ ನನ್ನ ಮಗ ಬಟ್ಟೆ ಮುಟ್ಟೋ ಹಾಗಿಲ್ಲ."

"ಅಯ್ಯೋ ಅತ್ತೆ, ಅವ್ರೇ ಒಗೀಲಿ ಬಿಡಿ!" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಈಗ ಅವ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಒಂದೇ ಪೆಟ್ಟಿಗೆ ಇತ್ತು. ನನ್ನ ಚೀಲ ಮತ್ತೆ ಮೊಳೆಗೆ ಏರಿತ್ತು. ಬಸ್ಸಿನಲ್ಲಿ ಮುಖ ಒರೆಸಿಕೊಳ್ಳಲು ಒಂದು ಬಟ್ಟೆ ಬೇಕೆಂದು ಅತ್ತೆ ಕಪಾಟಿಗೆ ಕೈಹಾಕಿ, ಬೇರೆ ಇಟ್ಟಿದ್ದ ಏಳರಲ್ಲಿ ಒಂದನ್ನು, ಎಲ್ಲಕ್ಕಿಂತ ಮೆತ್ತಗಿದ್ದದ್ದನ್ನು, ಆರಿಸಿಕೊಂಡರು. ನಾನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಮೊಮ್ಮಗಳ ಕಿವಿಯಲ್ಲಿ ಏನೋ ದೊಡ್ಡದಾಗಿ ಹೇಳುತ್ತಿದ್ದರು, ಬಿಟ್ಟುಬಿಟ್ಟೆ.

ಮಧ್ಯಾಹ್ನ ಫೋನು ಬಂತು. ಬಸ್ಸಿನ ಸದ್ದಿನ ನಡುವೆ ಅವರ ದನಿ. "ಏನೇ ಇದು, ಕಳ್ಳಿ! ಬೆವರು ಒರೆಸಿದ್ರೆ ಈ ಕಡೆಯಿಂದ ಆ ಕಡೆಗೆ ದಬ್ಬುತ್ತೆ ಅಷ್ಟೇ, ಒಂದು ಹನಿ ಕುಡಿಯಲ್ಲ! ಗೊತ್ತಿದ್ದೂ ಬೇಕಂತ ಸುಮ್ನಿದ್ದೆ ತಾನೇ?"

ನಾನು ನಕ್ಕೆ, ಎಷ್ಟೋ ದಿನದ ಮೇಲೆ, ಹೊಟ್ಟೆ ಕುಲುಕುವ ಹಾಗೆ. ನನ್ನ ಮಡಿಲಲ್ಲಿದ್ದ ಮ್ಯಾನೇಜರ್ ಆ ಕುಲುಕಿಗೆ ಎದ್ದು, ಯಾರದು ಗಲಾಟೆ ಅನ್ನುವ ಹಾಗೆ ನೋಡಿ, ಮತ್ತೆ ಮುಖ ಕೆಂಪು ಮಾಡಿಕೊಂಡಳು. ಬಾಲ್ಕನಿಯ ಹತ್ತಿರ ಅವಳಪ್ಪ ಕಾಲು ಚಾಚಿ ಕೂತು, ಒಣಗಿದ ಲಂಗೋಟಿಗಳನ್ನು ಒಂದೊಂದಾಗಿ ಅಂಗೈಗಳ ನಡುವೆ ತಿಕ್ಕುತ್ತಿದ್ದರು, ಸರಸರ, ಸರಸರ. ನನ್ನ ಬಲಗೈ ಎದ್ದಿತು, ಅರ್ಧ ದಾರಿಯಲ್ಲಿ ನಿಂತಿತು. ಮಡಿಲು ಒಣಗಿಯೇ ಇತ್ತು. ಕೈ ಅಲ್ಲೇ ಗಾಳಿಯಲ್ಲಿ ಒಂದು ಕ್ಷಣ ಏನು ಮಾಡಬೇಕೆಂದು ತಿಳಿಯದೆ ತೂಗಾಡಿ, ಕೊನೆಗೆ ಮಗಳ ತಲೆಯ ಮೇಲೆ ಇಳಿಯಿತು.

ಆಮೇಲೆ ಎದ್ದೆ. ಸೋರದಿದ್ದರೇನು, ಒದ್ದೆ ಒದ್ದೆಯೇ. ಬದಲಿಸಬೇಕು.